ಒಂದು ಸೆಂಟಿಮೀಟರಿನ ಕೊಯ್ತ

ಸಕಲೇಶಪುರದಿಂದ ಹೆತ್ತೂರು, ವಣಗೂರು ದಾಟಿ ಬಿಸಿಲೆಗೆ ಹೋಗುವ ಸರ್ಕಾರಿ ಬಸ್ಸಿನಲ್ಲಿ ಗಂಗಾಮಣಿ ಹನ್ನೊಂದು ವರ್ಷದಿಂದ ಕಂಡಕ್ಟರ್ ಆಗಿದ್ದಳು. ಆ ದಾರಿಯ ಒಂದೊಂದು ತಿರುವೂ ಅವಳ ಕಾಲಿಗೆ ಗೊತ್ತಿತ್ತು. ಕಂಬಿ ಹಿಡಿಯದೆ ನಿಂತು, ಒಂದು ಕೈಯಲ್ಲಿ ಟಿಕೆಟ್ ಮೆಷಿನ್ ಒತ್ತುತ್ತ ಇನ್ನೊಂದರಲ್ಲಿ ಚಿಲ್ಲರೆ ಕೊಡುತ್ತಿದ್ದಳು. ಎಸ್ಟೇಟಿನ ಹೆಂಗಸರು ಶೂನ್ಯ ಟಿಕೆಟ್ ಇಸಿದುಕೊಂಡು ಅವಳ ಹತ್ತಿರ ಮನೆ ಕಷ್ಟಸುಖ ಹೇಳಿಕೊಳ್ಳುತ್ತಿದ್ದರು. ಹಸಿಮೆಣಸಿನಕಾಯಿಯೋ ಒಂದು ಹಿಡಿ ಸೊಪ್ಪೋ ಅವಳ ಚೀಲ ಸೇರುತ್ತಿತ್ತು. ನಲವತ್ತೆರಡರ ಗಂಗಾಮಣಿಗೆ ಆ ಕೆಲಸ ಬಿಟ್ಟರೆ ತನ್ನದು ಅಂತ ಹೇಳಿಕೊಳ್ಳುವಂಥದ್ದು ಬೇರೇನೂ ಇರಲಿಲ್ಲ, ಬೇಕೆಂದೂ ಅನಿಸಿರಲಿಲ್ಲ.

ಆ ಕೆಲಸದಲ್ಲಿ ಒಂದೇ ಒಂದು ತೊಡಕು. ಬೆಳಗೋಡಿನ ಮನೆಯಿಂದ ಐದೂವರೆಗೆ ಹೊರಟರೆ ಮತ್ತೆ ಸರಿಯಾದ ಪಾಯಿಖಾನೆ ಕಾಣುವುದು ಮಧ್ಯಾಹ್ನ. ಡ್ರೈವರ್ ದ್ಯಾವಯ್ಯ ಗಂಡಸು, ಬಸ್ಸು ನಿಂತಲ್ಲಿ ಮರೆ ಹುಡುಕಿಕೊಂಡು ಹೋಗುತ್ತಿದ್ದ. ಇವಳು ನೀರು ಕುಡಿಯುವುದನ್ನೇ ಬಿಟ್ಟಳು. ಬೆಳಿಗ್ಗೆ ಬಂದದ್ದನ್ನು ತಡೆದುಕೊಳ್ಳುವುದು ಅಭ್ಯಾಸವಾಯಿತು. ತಡೆದದ್ದು ಗಟ್ಟಿಯಾಗುತ್ತಿತ್ತು. ಒಂದು ವರ್ಷ ಸಂಕ್ರಾಂತಿ ಕಳೆದ ವಾರ, ಹಾಗೆ ಗಟ್ಟಿಯಾದದ್ದು ಹೊರಬರುವಾಗ ಗಾಜಿನ ಚೂರು ಎಳೆದಂತಾಗಿ ಅವಳು ಬಚ್ಚಲ ಗೋಡೆ ಹಿಡಿದುಕೊಂಡಳು. ಕೆಂಪು ರಕ್ತ ನಾಲ್ಕು ಹನಿ ಬಿದ್ದಿತ್ತು.

ರಕ್ತಕ್ಕೆ ಅವಳು ಹೆದರಲಿಲ್ಲ. ಹೆದರಿಸಿದ್ದು ಆಮೇಲಿನ ನೋವು. ಹೋಗಿ ಬಂದ ಮೇಲೆ ಶುರುವಾಗಿ ಮೂರು ತಾಸು, ನಾಲ್ಕು ತಾಸು ಒಳಗಿನಿಂದ ಯಾರೋ ಹಿಂಡಿದಂತೆ ಹಿಂಡುತ್ತಿತ್ತು. ಆ ನೋವಿಗೆ ಹೆದರಿ ಇನ್ನೂ ತಡೆದಳು. ಇನ್ನೂ ಗಟ್ಟಿಯಾಯಿತು, ಇನ್ನೂ ಹರಿಯಿತು.

ಮೆಡಿಕಲ್ ಶಾಪಿನಲ್ಲಿ ಪೈಲ್ಸ್ ಅಂತ ಕೇಳಿ ಒಂದು ಮುಲಾಮು ತಂದು ಎರಡು ತಿಂಗಳು ಹಚ್ಚಿದಳು. ಆಮೇಲೆ ಊರಿನ ಡಾಕ್ಟರು ಇದು ಪೈಲ್ಸ್ ಅಲ್ಲ, ಫಿಶರ್, ಅಂದರೆ ಸೀಳು ಎಂದು ಬೇರೆ ಮುಲಾಮು ಬರೆದರು. ಅದು ನೈಟ್ರೋಗ್ಲಿಸರಿನ್. ಹಚ್ಚಿದ ಕಾಲು ಗಂಟೆಗೆ ತಲೆ ಸಿಡಿಯುತ್ತಿತ್ತು, ಟಿಕೆಟ್ ಮೆಷಿನ್ನಿನ ಅಂಕಿಗಳು ಕಣ್ಣ ಮುಂದೆ ಕುಣಿಯುತ್ತಿದ್ದವು. ಅದನ್ನು ಬಿಡಿಸಿ ಡಿಲ್ಟಿಯಾಜೆಮ್ ಕೊಟ್ಟರು. ತಲೆನೋವು ನಿಂತಿತು, ಸೀಳು ಕೂಡಲಿಲ್ಲ. ದಿನಕ್ಕೆರಡು ಸಲ ತಪ್ಪದೆ ಎಂಟು ವಾರ ಹಚ್ಚಿದಳು. ರಾತ್ರಿ ಇಸಬ್‌ಗೋಲ್ ಕುಡಿದಳು, ಮನೆಗೆ ಬಂದೊಡನೆ ಬಿಸಿನೀರಿನ ಟಬ್ಬಿನಲ್ಲಿ ಕೂತಳು. ಗಂಡ ರವಿಚಂದ್ರ ಅರ್ಧ ಎಕರೆ ಕಾಫಿ, ಒಂದಿಷ್ಟು ಗದ್ದೆ ನೋಡಿಕೊಂಡಿದ್ದವನು. ಅವನಿಗೆ ಹೊಟ್ಟೆ ಸರಿಯಿಲ್ಲ ಎಂದಷ್ಟೇ ಹೇಳಿದ್ದಳು.

ಗುಟ್ಟು ಮೊದಲು ತಿಳಿದದ್ದು ದ್ಯಾವಯ್ಯನಿಗೆ. ಒಂದು ದಿನ ಬಿಸಿಲೆಯಲ್ಲಿ ಬಸ್ಸು ಖಾಲಿಯಾದ ಮೇಲೂ ಅವಳು ನಿಂತೇ ಇದ್ದಳು.

"ಕೂತ್ಕಳವ್ವ, ಯಾಕ್ ಹಂಗ್ ನಿಂತಿದ್ದೀಯೆ?"

"ಇರ್ಲಿ ಬಿಡು ದ್ಯಾವಣ್ಣ."

"ಮೂರ್ ತಿಂಗ್ಳಿಂದ ನೋಡ್ತಾವ್ನಿ ಕಣವ್ವ, ಸೀಟ್ ಮುಟ್ಟಿಲ್ಲ ನೀನು. ನಮ್ ಡ್ರೈವರ್ಗೆಲ್ಲ ಇರೋ ಕಾಯ್ಲೆನೇ ಅದು. ನಾಚ್ಕೊಂಡ್ರೆ ಸತ್ತೋಯ್ತಿಯ. ಹಾಸನದಾಗೆ ಹೆಣ್ ಡಾಕ್ಟ್ರು ಅವ್ರೆ, ನನ್ ಸೊಸೆಗೆ ಗಡ್ಡೆ ತೆಗ್ದೋರು. ಹೋಗ್ ಬಾ."

ಆ ಡಾಕ್ಟರ ಹೆಸರು ರೀನಾ. ದೋಣಿಗಲ್ ಕಡೆಯ ಎಸ್ಟೇಟಿನಲ್ಲಿ ಬೆಳೆದ ಕ್ರಿಶ್ಚಿಯನ್ನರ ಹುಡುಗಿ, ಮಂಗಳೂರಿನಲ್ಲಿ ಓದಿ ಹಾಸನದ ಒಂದು ಆಸ್ಪತ್ರೆಯಲ್ಲಿ ಸರ್ಜನ್ ಆಗಿದ್ದರು. ಗಂಗಾಮಣಿಯನ್ನು ಎಡಮಗ್ಗುಲಿಗೆ ಮಲಗಿಸಿ, ಬೆರಳು ಹಾಕದೆ, ಮೆಲ್ಲಗೆ ಅಗಲಿಸಿ ಟಾರ್ಚಿನಲ್ಲಿ ನೋಡಿದರು. ಅಷ್ಟಕ್ಕೇ ಗಂಗಾಮಣಿ ತಲೆದಿಂಬು ಕಚ್ಚಿದಳು.

"ಸೀಳು ಹಳೆಯದಾಗಿದೆ," ಎಂದರು ರೀನಾ, ಕೈ ತೊಳೆದು ಬಂದು. "ಅಂಚು ದಪ್ಪ ಆಗಿದೆ, ಹೊರಗೆ ಒಂದು ಚರ್ಮದ ಕುಡಿ ಬೆಳೆದಿದೆ, ತಳದಲ್ಲಿ ಸ್ನಾಯುವಿನ ಎಳೆಗಳೇ ಕಾಣ್ತಿವೆ. ಮುಲಾಮು ಇನ್ನು ಇದಕ್ಕೆ ಸಾಲಲ್ಲ."

ಮೇಜಿನ ಮೇಲಿನ ಕಾಗದದಲ್ಲಿ ಒಂದರೊಳಗೊಂದು ಎರಡು ಬಳೆ ಬರೆದರು. ಹೊರಗಿನ ಬಳೆ ನಾವು ಬೇಕೆಂದಾಗ ಬಿಗಿಯುವ ಸ್ನಾಯು. ಒಳಗಿನದು ನಮ್ಮ ಮಾತು ಕೇಳುವುದಿಲ್ಲ, ನಿದ್ದೆಯಲ್ಲೂ ತಾನಾಗಿ ಮುಚ್ಚಿಕೊಂಡಿರುತ್ತದೆ. ಸೀಳಿನ ನೋವಿಗೆ ಅದು ಇನ್ನೂ ಬಿಗಿದುಕೊಂಡಿದೆ. ಬಿಗಿದಾಗ ರಕ್ತ ಹರಿಯುವುದಿಲ್ಲ, ರಕ್ತವಿಲ್ಲದೆ ಗಾಯ ಮಾಯುವುದಿಲ್ಲ. ಅದನ್ನು ಸಡಿಲಿಸಬೇಕು.

"ಹೆರಿಗೆ ಹೇಗಾಗಿತ್ತು ನಿಮಗೆ?"

ಇದನ್ನು ಯಾಕೆ ಕೇಳುತ್ತಾರೆಂದು ಗಂಗಾಮಣಿಗೆ ತಿಳಿಯಲಿಲ್ಲ. "ಒಂದೇ ಮಗಳು ಮೇಡಂ, ಚೈತ್ರಶ್ರೀ. ತಲೆ ಸಿಕ್ಕಾಕ್ಕೊಂಡು ಇಕ್ಕಳ ಹಾಕಿ ಎಳದ್ರು. ಹಿಂದಿನವರ್ಗೂ ಹರ್ದೋಗಿತ್ತು. ತುಂಬಾ ಹೊಲ್ಗೆ ಹಾಕಿದ್ರು."

ರೀನಾ ಪೆನ್ನನ್ನು ಕಾಗದದ ಮೇಲೇ ಇಟ್ಟರು. "ಹಾಗಿದ್ರೆ ಆಪರೇಷನ್ ಮೊದಲೇ ಬೇಡ. ಒಳಗಿನ ಸ್ನಾಯುವನ್ನು ಪಕ್ಕದಲ್ಲಿ ಸ್ವಲ್ಪ ಕತ್ತರಿಸೋ ಆಪರೇಷನ್ ಇದೆ, ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಜನಕ್ಕೆ ವಾಸಿ ಆಗತ್ತೆ. ಆದರೆ ನಿಮಗೆ ಹೆರಿಗೆಯಲ್ಲಿ ಹೊರಗಿನ ಬಳೆ ಪೆಟ್ಟು ತಿಂದಿರಬಹುದು. ಒಳಗಿನದನ್ನೂ ಕತ್ತರಿಸಿದ್ರೆ ಹಿಡಿತ ತಪ್ಪೋ ಭಯ ಇದೆ. ಇಂಜೆಕ್ಷನ್ ಕೊಟ್ಟು ನೋಡೋಣ. ಬೊಟುಲಿನಮ್ ಅಂತ. ಸ್ನಾಯುವನ್ನು ಸುಮಾರು ಮೂರು ತಿಂಗಳು ಸಡಿಲ ಮಾಡತ್ತೆ, ಅಷ್ಟರಲ್ಲಿ ಗಾಯ ಕೂಡಬೇಕು."

ಅಂದು ಸಂಜೆ ಗಂಗಾಮಣಿ ಗಂಡನಿಗೆ ಎಲ್ಲ ಹೇಳಿದಳು. ರವಿಚಂದ್ರ ಕೇಳಿ ಕೇಳಿ ಕಡೆಗೆ ಬಾಯಿ ತೆರೆದ.

"ಬೊಟಾಕ್ಸಾ? ಸಿನಿಮಾದೋರು ಮುಖಕ್ಕೆ ಹಾಕ್ಸ್ಕಂತಾರಲ್ಲ, ಅದಾ?"

"ಅದೇಯ."

"ಅಲ್ಲಿಗಾ?"

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು ನಕ್ಕುಬಿಟ್ಟರು. ತಿಂಗಳುಗಳ ಮೇಲೆ ಆ ಮನೆಯಲ್ಲಿ ಕೇಳಿದ ನಗು ಅದು.

ಸ್ವಲ್ಪ ಮತ್ತು ಬರುವ ಮದ್ದು ಕೊಟ್ಟು ಒಳಸ್ನಾಯುವಿನ ಎರಡು ಪಕ್ಕಕ್ಕೂ ಸಣ್ಣ ಸೂಜಿಯಲ್ಲಿ ಔಷಧಿ ಹಾಕಿದರು. ಅದೇ ದಿನ ಮಧ್ಯಾಹ್ನ ಮನೆಗೆ ಬಂದಳು. ನಾಲ್ಕನೇ ದಿನಕ್ಕೆ ಹಿಂಡುವುದು ಕಡಿಮೆಯಾಯಿತು. ಎರಡನೇ ವಾರಕ್ಕೆ ಅವಳು ಕಂಡಕ್ಟರ್ ಸೀಟಿನಲ್ಲಿ ಕೂತಳು. ಕನ್ನಡಿಯಲ್ಲಿ ಅದನ್ನು ನೋಡಿದ ದ್ಯಾವಯ್ಯ ಹಾರ್ನ್ ಒಂದು ಸಲ ಜೋರಾಗಿ ಒತ್ತಿದ. ಆಗೀಗ ಅವಳಿಗೆ ತಿಳಿಯದಂತೆ ಗಾಳಿ ಹೋಗುತ್ತಿತ್ತು. ಬಸ್ಸಿನ ಸದ್ದಿನಲ್ಲಿ ಅದು ಯಾರಿಗೂ ಕೇಳುವಂತಿರಲಿಲ್ಲ, ಮೂರು ವಾರದಲ್ಲಿ ನಿಂತೂ ಹೋಯಿತು.

ಹನ್ನೊಂದು ವಾರ ಚೆನ್ನಾಗಿತ್ತು. ಗಾಯ ಮುಕ್ಕಾಲು ಕೂಡಿದೆ ಎಂದಿದ್ದರು ರೀನಾ. ಆಮೇಲೆ ಔಷಧಿಯ ಬಲ ಇಳಿಯಿತು, ಬಳೆ ಮತ್ತೆ ಬಿಗಿಯಿತು. ಒಂದು ಬೆಳಿಗ್ಗೆ ಅದೇ ಗಾಜಿನ ಚೂರು. ಗಂಗಾಮಣಿ ಬಚ್ಚಲಲ್ಲೇ ಕುಸಿದು ಕೂತಳು. ನೋವಿಗಿಂತಲೂ, ಮತ್ತೆ ಬಂತಲ್ಲ ಎನ್ನುವುದು ಅವಳನ್ನು ಮುರಿಯಿತು.

ಎರಡನೇ ಸಲ ಔಷಧಿಯ ಪ್ರಮಾಣ ಹೆಚ್ಚಿಸಿ ಕೊಟ್ಟರು. ಈ ಸಲ ಅದರ ಬಲ ಆರು ವಾರವೂ ನಿಲ್ಲಲಿಲ್ಲ. ಹೊಟ್ಟೆಗೆ ಸರಿಯಾಗಿ ತಿನ್ನುವುದನ್ನೇ ಬಿಟ್ಟಳು, ತಿಂದರೆ ಹೋಗಬೇಕಲ್ಲ. ಒಂಬತ್ತು ಕೆ.ಜಿ. ಇಳಿದಳು. ಹೆತ್ತೂರಿನಲ್ಲಿ ಹತ್ತಿದ ಮುದುಕಿಯೊಬ್ಬಳು ಆಧಾರ್ ಕಾರ್ಡ್ ತೆಗೆಯಲು ತಡ ಮಾಡಿದಳೆಂದು ಗಂಗಾಮಣಿ ಅವಳ ಮೇಲೆ ಕಿರುಚಿಬಿಟ್ಟಳು. ಹನ್ನೊಂದು ವರ್ಷದಲ್ಲಿ ಯಾರ ಮೇಲೂ ಕಿರುಚಿರಲಿಲ್ಲ.

ರೀನಾ ಅವಳನ್ನು ಪರೀಕ್ಷೆಗೆ ಮಂಗಳೂರಿಗೆ ಕಳಿಸಿದರು. ರವಿಚಂದ್ರನೂ ಜೊತೆಗೆ ಹೋದ. ಶಿರಾಡಿ ಘಾಟಿಯುದ್ದಕ್ಕೂ ಅವಳು ಸೀಟಿನಲ್ಲಿ ಒಂದು ಮಗ್ಗುಲಿಗೆ ವಾಲಿಕೊಂಡೇ ಇದ್ದಳು. ಅಲ್ಲಿ ಮರಗಟ್ಟುವ ಮದ್ದು ಹಚ್ಚಿ ಬೆರಳು ಗಾತ್ರದ ಕಡ್ಡಿಯಿಂದ ಒಳಗಿನ ಸ್ಕ್ಯಾನ್ ಮಾಡಿದರು, ಸಣ್ಣ ನಳಿಕೆ ಇಟ್ಟು ಬಿಗಿತದ ಒತ್ತಡ ಅಳೆದರು. ಒಳಬಳೆಯ ಒತ್ತಡ ಹೆಚ್ಚಿತ್ತು. ಹೊರಬಳೆಯ ಮುಂಭಾಗದಲ್ಲಿ, ಇಪ್ಪತ್ತು ವರ್ಷದ ಹಿಂದೆ ಹರಿದು ಹೊಲಿದ ಜಾಗದಲ್ಲಿ, ಒಂದು ಸಂದು ಉಳಿದಿತ್ತು.

"ನಾನು ಹೆದರಿದ್ದು ಇದಕ್ಕೇ," ಎಂದರು ರೀನಾ, ಗಂಡ ಹೆಂಡತಿಯನ್ನು ಎದುರು ಕೂರಿಸಿಕೊಂಡು. "ಈಗ ಎರಡು ದಾರಿ. ಒಂದು, ಪಕ್ಕದ ಚರ್ಮ ಎಳೆದು ಸೀಳಿನ ಮೇಲೆ ಹೊದಿಸಿ ಹೊಲಿಯೋದು. ಸ್ನಾಯು ಮುಟ್ಟಲ್ಲ. ಅದನ್ನ ಮಂಗಳೂರಲ್ಲೇ ಮಾಡಬೇಕು. ಹೊಲಿಗೆ ಬಿಟ್ಟುಕೊಳ್ಳಬಹುದು, ಬಿಗಿತ ಹಾಗೇ ಇರೋದ್ರಿಂದ ಮತ್ತೆ ಸೀಳಲೂಬಹುದು. ಆದ್ರೂ ನಿಮಗೆ ನಾನು ಹೇಳೋದು ಅದನ್ನೇ. ಇನ್ನೊಂದು, ಎಡಪಕ್ಕದಲ್ಲಿ ಒಳಬಳೆಯನ್ನು ಕತ್ತರಿಸೋದು. ಸೀಳು ಎಷ್ಟು ಉದ್ದ ಇದೆಯೋ ಅಷ್ಟೇ, ಒಂದು ಸೆಂಟಿಮೀಟರ್. ಜಾಸ್ತಿ ಹೋಗಲ್ಲ. ನೋವು ಹೋಗೋದು ಹೆಚ್ಚುಕಮ್ಮಿ ಖಂಡಿತ. ಆದ್ರೆ ನಿಮ್ಮಂಥವರಿಗೆ ಗಾಳಿ ತಡೆಯೋಕಾಗದೇ ಇರೋದು, ಬಟ್ಟೆಗೆ ಸೋರೋದು ಆಗಬಹುದು. ಇಂಜೆಕ್ಷನ್ನಿನಿಂದ ಏನಾದ್ರೂ ಆದ್ರೆ ಮೂರು ತಿಂಗಳಿಗೆ ಇಳಿದುಹೋಗತ್ತೆ. ಕತ್ತರಿಸಿದ್ದು ಇಳಿಯಲ್ಲ."

"ಆಗ್ಬೌದಾ, ಆಗೇ ಆಗುತ್ತಾ ಮೇಡಂ?" ರವಿಚಂದ್ರ ಕೇಳಿದ.

"ಆಗದೇ ಇರಬಹುದು. ಗ್ಯಾರಂಟಿ ಕೊಡೋಕೆ ನನ್ನಿಂದ ಆಗಲ್ಲ."

ರವಿಚಂದ್ರ ಹೆಂಡತಿಯ ಕಡೆ ತಿರುಗಿದ. "ಚರ್ಮದ್ದೇ ಮಾಡ್ಸನ ಕಣೇ ಗಂಗಾ. ಹೊತ್ತಾದ್ರೂ ಆಗ್ಲಿ."

ಗಂಗಾಮಣಿ ಕುರ್ಚಿಯ ತುದಿಯಲ್ಲಿ ಅರ್ಧ ನಿಂತಂತೆ ಕೂತಿದ್ದಳು. ಬೆಳಿಗ್ಗೆ ಆರಕ್ಕೆ ಶುರುವಾದ ನೋವು ಇನ್ನೂ ಬಿಟ್ಟಿರಲಿಲ್ಲ. "ಮತ್ತೆ ಸೀಳಿದ್ರೆ?" ಎಂದಳು. "ಮುಲಾಮು ಆಯ್ತು, ಇನ್ನೊಂದ್ ಮುಲಾಮು ಆಯ್ತು, ಸೂಜಿ ಎರಡ್ ಸಲ ಆಯ್ತು. ಪ್ರತಿ ಸಲ ವಾಸಿ ಆಯ್ತದೆ ಅಂತ ಕಾಯದು, ಮತ್ತೆ ಅದೇ. ನಂಗಿನ್ ಕಾಯಕ್ಕಾಗಲ್ಲರೀ. ನಿಮಗ್ ಹೆಂಗ್ ಹೇಳ್ಲಿ ಅದನ್ನ." ಡಾಕ್ಟರ ಕಡೆ ನೋಡಿದಳು. "ಕತ್ತರಿಸ್ಬುಡಿ ಮೇಡಂ."

ರೀನಾ ಒಂದು ವಾರ ಯೋಚಿಸಿ ಬನ್ನಿ ಎಂದು ಕಳಿಸಿದರು. ವಾರ ಕಳೆದು ಅವಳು ಅದೇ ಮಾತು ಹೇಳಿದಳು. ಒಪ್ಪಿಗೆ ಪತ್ರವನ್ನು ರೀನಾ ಸಾಲುಸಾಲಾಗಿ ಓದಿ ಹೇಳಿದರು. ಗಂಗಾಮಣಿ ಪೂರ್ತಿ ಕೇಳಿಸಿಕೊಂಡು, ತಿಳಿದೇ ಸಹಿ ಹಾಕಿದಳು.

ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸಿದರು. ಅರ್ಧ ಗಂಟೆಯೂ ಆಗಲಿಲ್ಲ. ಮಾರನೇ ದಿನ ಮನೆಗೆ ಬಂದಳು. ಎರಡನೇ ದಿನ ಬೆಳಿಗ್ಗೆ ಹೆದರಿ ಹೆದರಿ ಬಚ್ಚಲಿಗೆ ಹೋದಳು. ಕೊಯ್ದ ಜಾಗ ಸ್ವಲ್ಪ ಉರಿಯಿತು, ಅಷ್ಟೇ. ಆ ಹಿಂಡುವಿಕೆ ಬರುತ್ತದೆಂದು ಜಗಲಿಯ ಕಂಬ ಹಿಡಿದು ಕಾದಳು. ಹತ್ತು ನಿಮಿಷ ಕಾದಳು, ಅರ್ಧ ಗಂಟೆ ಕಾದಳು. ಬರಲಿಲ್ಲ. ರವಿಚಂದ್ರ ಡೈರಿಗೆ ಹಾಲು ಹಾಕಿ ಬಂದಾಗ ಅವಳು ಕಂಬಕ್ಕೆ ಹಣೆಯಿಟ್ಟು ಬಿಕ್ಕುತ್ತಿದ್ದಳು. ಅವನು ಗಾಬರಿಯಾಗಿ ಓಡಿಬಂದ.

"ಏನಾಯ್ತೇ?"

"ನೋವಿಲ್ಲ ಕಣ್ರೀ. ಹೋಗ್ಬುಡ್ತು."

ಆರು ವಾರಕ್ಕೆ ಸೀಳು ಪೂರಾ ಕೂಡಿತು. ಆದರೆ ಅಷ್ಟು ಹೊತ್ತಿಗೆ ಇನ್ನೊಂದು ಶುರುವಾಗಿತ್ತು. ಗಾಳಿ ಬಂದದ್ದು ಅವಳಿಗೆ ಗೊತ್ತಾಗುವ ಮೊದಲೇ ಹೋಗಿಬಿಡುತ್ತಿತ್ತು. ಮಲ ಸ್ವಲ್ಪ ತೆಳುವಾದರೆ ಲಂಗಕ್ಕೆ ಕಲೆ. ಹೊಸದರಲ್ಲಿ ಹೀಗಾಗುತ್ತದೆ, ಬಹಳ ಜನಕ್ಕೆ ಕೆಲವು ತಿಂಗಳಲ್ಲಿ ಸರಿಹೋಗುತ್ತದೆ ಎಂದರು ರೀನಾ. ಬಿಗಿಹಿಡಿದು ಬಿಡುವ ವ್ಯಾಯಾಮ ಹೇಳಿಕೊಟ್ಟರು. ಗಂಗಾಮಣಿ ಪ್ಯಾಡ್ ಇಟ್ಟುಕೊಂಡು ಡ್ಯೂಟಿಗೆ ಹಾಜರಾದಳು.

ಸೋಮವಾರ, ಸಕಲೇಶಪುರದ ಸಂತೆ ಮುಗಿಸಿದವರ ಬಸ್ಸು. ಕಾಲಿಡಲು ಜಾಗವಿಲ್ಲ. ವಣಗೂರು ಬಿಟ್ಟ ಮೇಲಿನ ಹೊಂಡದಲ್ಲಿ ಬಸ್ಸು ಎತ್ತಿ ಹಾಕಿದ್ದೇ ತಡ, ಅವಳಿಗೆ ಒಳಗೆ ಬೆಚ್ಚಗಾಯಿತು. ಹಿಡಿಯಲು ನೋಡಿದಳು. ಹಿಡಿಯುವುದಕ್ಕೆ ಅಲ್ಲಿ ಏನೂ ಸಿಗಲಿಲ್ಲ. ವಾಸನೆ ಎದ್ದಿತು. ಮೊದಲು ಒಬ್ಬ ಹೆಂಗಸು ಸೆರಗು ಮೂಗಿಗಿಟ್ಟುಕೊಂಡಳು, ಆಮೇಲೆ ಇನ್ನೊಬ್ಬಳು. ಮಗುವನ್ನು ಎತ್ತಿಕೊಂಡ ತಾಯಿ ಮಗುವಿನ ಚಡ್ಡಿ ಮುಟ್ಟಿ ನೋಡಿದಳು.

"ಯಾರೋ ಮಾರಾಯ ಅದು, ಕಿಟ್ಕಿ ತೆಗೀರೋ!" ಎಂದು ಹಿಂದಿನಿಂದ ಯಾರೋ ಕೂಗಿದರು. ಜನ ನಕ್ಕರು. ಗಂಗಾಮಣಿಯ ಸುತ್ತ ನೂಕಿಕೊಂಡು ನಿಂತಿದ್ದವರು, ಅಷ್ಟು ಜನದಲ್ಲೂ ಹೇಗೋ, ಒಂದೊಂದು ಹೆಜ್ಜೆ ಸರಿದರು. ಅವಳ ಸುತ್ತ ಖಾಲಿ ಜಾಗ ಆಯಿತು.

ದ್ಯಾವಯ್ಯ ಬಸ್ಸನ್ನು ಪಕ್ಕಕ್ಕೆ ನಿಲ್ಲಿಸಿ ಇಳಿದ. "ಯಾವ್ದೋ ಸತ್ತ್ ಪ್ರಾಣಿ ಚಕ್ರುಕ್ ಸಿಕ್ಕೈತೆ, ಅದುರ್ ವಾಸ್ನೆ ಕಣ್ರಪ್ಪ. ಐದ್ ನಿಮಿಷ ಇಳೀರೆಲ್ಲ, ನೋಡ್ತೀನಿ," ಎಂದು ಗದರಿಸಿ ಎಲ್ಲರನ್ನೂ ಮುಂದೆ ಕಳಿಸಿದ. ಹಿಂದಿನ ಬಾಗಿಲಿನ ಹತ್ತಿರ ನೀರಿನ ಕ್ಯಾನು ಇಟ್ಟು, ಅವಳ ಕಡೆ ನೋಡದೆ ಚಕ್ರದ ಬಳಿ ಬಗ್ಗಿ ಕೂತ. ಅವಳು ಕಾಡಿನ ಮರೆಗೆ ಹೋಗಿ ತೊಳೆದುಕೊಂಡು ಬಂದಳು. ಬಿಸಿಲೆ ತಲುಪುವವರೆಗೆ ಯಾರೂ ಅವಳನ್ನು ಮಾತಾಡಿಸಲಿಲ್ಲ. ಎಲ್ಲರಿಗೂ ಗೊತ್ತಾಗಿತ್ತು.

ಆಮೇಲೆ ಅವಳು ಡ್ಯೂಟಿಯ ದಿನ ಊಟ ಬಿಟ್ಟಳು. ಮಲ ಗಟ್ಟಿಯಾಗಿಸುವ ಮಾತ್ರೆಯನ್ನು ರೀನಾ ಹೇಳಿದ ಲೆಕ್ಕದಲ್ಲೇ ನುಂಗಿದಳು. ಹೆಚ್ಚಾದರೆ ಮತ್ತೆ ಸೀಳಬಹುದೆಂಬ ಹೆದರಿಕೆ ಬೇರೆ. ತಿಂಗಳಿಗೆರಡು ಸಲ ಹಾಸನಕ್ಕೆ ಹೋಗಿ, ತನ್ನ ಬಿಗಿತವನ್ನು ತೋರಿಸುವ ಪರದೆಯ ಮೇಲಿನ ಗೆರೆ ನೋಡುತ್ತ ಬಿಗಿಹಿಡಿಯುವ ತರಬೇತಿ ಮಾಡಿದಳು. ಐದನೇ ತಿಂಗಳಿಗೆ ಗಾಳಿ ಸ್ವಲ್ಪ ಹಿಡಿತಕ್ಕೆ ಬಂತು. ಸೋರುವುದು ನಿಲ್ಲಲಿಲ್ಲ. ಬಸ್ಸಿನಲ್ಲಿ ಇನ್ನೂ ಮೂರು ಸಲ ಆಯಿತು.

ರೀನಾ ಒಂದು ಪತ್ರ ಬರೆದುಕೊಟ್ಟರು. ಇವರಿಗೆ ಬಸ್ಸಿನ ಮೇಲಿನ ಕೆಲಸ ಬೇಡ, ಡಿಪೊದಲ್ಲೇ ಕೂರುವ ಕೆಲಸ ಕೊಡಿ ಎಂದು. ಹಾಗೆ ಕೊಡಬೇಕಾದರೆ ಕಾರಣ ಬರೆಯಲೇಬೇಕಿತ್ತು. ಗಂಗಾಮಣಿ ಅದನ್ನು ಹಿಡಿದುಕೊಂಡು ಡಿಪೊಗೆ ಹೋದಳು. ಕಚೇರಿಯಲ್ಲಿ ಆರು ಜನ ಗಂಡಸರು, ಎಲ್ಲರೂ ಅವಳ ಜೊತೆ ಟೀ ಕುಡಿದವರು. "ಬಾರಮ್ಮ ಗಂಗಮ್ಮ, ಏನ್ ಸಮಾಚಾರ?" ಎಂದು ಕೂರಿಸಿದರು. ಆ ಕಾಗದ ಈ ಮೇಜಿನಿಂದ ಆ ಮೇಜಿಗೆ ಹೋಗುವುದು, ಒಬ್ಬೊಬ್ಬರೂ ಓದುವುದು, ಓದಿ ತನ್ನನ್ನು ನೋಡದೇ ಇರಲು ಕಷ್ಟಪಡುವುದು ಎಲ್ಲ ಅವಳ ಕಣ್ಣಿಗೆ ಕಟ್ಟಿತು. ರಜೆಯ ಅರ್ಜಿಯ ಬಗ್ಗೆ ಏನೋ ಕೇಳಿ ಎದ್ದು ಬಂದಳು. ಇನ್ನೆರಡು ಸಲ ಹೋದಳು. ಎರಡು ಸಲವೂ ಪತ್ರ ಚೀಲದಲ್ಲೇ ಉಳಿಯಿತು.

ನಾಲ್ಕನೇ ಸಲ ಬೇರೆ ಕಾಗದ ಕೊಟ್ಟಳು. ಸ್ವಂತ ಕಾರಣಗಳಿಂದ ಕೆಲಸ ಬಿಡುತ್ತಿದ್ದೇನೆ ಎಂದು ಅದರಲ್ಲಿತ್ತು. ಯಾಕಮ್ಮ, ಏನಾಯ್ತು ಎಂದು ಅವರು ಒತ್ತಾಯ ಮಾಡಿ ಕೇಳಿದರು. ಮನೆ ಕಡೆ ತೊಂದರೆ ಎಂದಳು.

ದ್ಯಾವಯ್ಯ ಒಂದು ಭಾನುವಾರ ಬೆಳಗೋಡಿಗೆ ಹುಡುಕಿಕೊಂಡು ಬಂದ. ಜಗಲಿಯಲ್ಲಿ ಕೂತು ಕಾಫಿ ಕುಡಿದ. ಹೊಸ ಕಂಡಕ್ಟರ್ ಹುಡುಗ ಪ್ರಜ್ವಲ್‌ಗೆ ಬಿಸಿಲೆ ಕಡೆಯ ಸ್ಟಾಪುಗಳೇ ಗೊತ್ತಿಲ್ಲ ಎಂದ. ಹೋಗುವಾಗ ಅಂಗಳದಲ್ಲಿ ನಿಂತುಬಿಟ್ಟ.

"ನಾನೇ ಕಳ್ಸಿದ್ದಲ್ವೇನವ್ವ ನಿನ್ನ ಹಾಸನಕ್ಕೆ," ಎಂದ.

"ನೀನ್ ಒಳ್ಳೇದುಕ್ಕೇ ಹೇಳ್ದೆ ದ್ಯಾವಣ್ಣ."

"ಒಳ್ಳೇದಾಗ್ಲಿಲ್ವಲ್ಲ." ಅವನು ಟವೆಲಿನಿಂದ ಮುಖ ಒರೆಸಿಕೊಂಡು ಗೇಟಿನ ಕಡೆ ನಡೆದ.

ಆಪರೇಷನ್ ಆಗಿ ಒಂದು ವರ್ಷ ತುಂಬಿದಾಗ ರೀನಾ ಮತ್ತೊಮ್ಮೆ ಸ್ಕ್ಯಾನ್ ಮಾಡಿಸಿದರು. ಕೊಯ್ತ ಅಂದುಕೊಂಡಷ್ಟೇ ಇತ್ತು, ಕೂದಲೆಳೆಯೂ ಹೆಚ್ಚಾಗಿರಲಿಲ್ಲ. ಹೊರಬಳೆಯ ಹಳೆಯ ಸಂದನ್ನು ಹೊಲಿಯುವ ಇನ್ನೊಂದು ಆಪರೇಷನ್ ಇದೆ, ಸ್ವಲ್ಪ ಉಪಯೋಗವಾಗಬಹುದು, ಆದರೆ ವರ್ಷ ಕಳೆದಂತೆ ಅದೂ ಸಡಿಲವಾಗುತ್ತದೆ, ಒಳಬಳೆ ಮೊದಲಿನಂತೆ ಆಗುವುದಿಲ್ಲ ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಹೇಳುವಾಗ ಅವರ ಮುಖ ಬಾಡಿತ್ತು.

"ನಾನು ಬೇಡ ಅಂತ ಇನ್ನೂ ಗಟ್ಟಿಯಾಗಿ ಹೇಳಬೇಕಿತ್ತು," ಎಂದರು.

"ನೀವ್ ಹೇಳಿದ್ರಿ ಮೇಡಂ. ನಾನ್ ಕೇಳ್ಲಿಲ್ಲ."

"ಈಗ ನೋವು?"

"ಇಲ್ಲ ಮೇಡಂ. ನೋವು ಒಂಚೂರೂ ಇಲ್ಲ." ಅದು ನಿಜವಾಗಿತ್ತು. ಚರ್ಮದ ಆಪರೇಷನ್ ಮಾಡಿಸಿದ್ದರೆ ಎಂದು ಅವಳು ಎಷ್ಟೋ ಸಲ ಯೋಚಿಸಿದ್ದಳು. ಆದರೆ ಆ ಬೆಳಿಗ್ಗೆಗಳು ನೆನಪಾದರೆ, ಮತ್ತೆ ಅದೇ ಕುರ್ಚಿಯಲ್ಲಿ ಕೂರಿಸಿ ಕೇಳಿದರೂ ಅದೇ ಮಾತು ಬಾಯಿಗೆ ಬರುತ್ತಿತ್ತೆಂದು ಅವಳಿಗೆ ಗೊತ್ತಿತ್ತು. ಬೈದುಕೊಳ್ಳಲು ತನ್ನನ್ನು ಬಿಟ್ಟು ಬೇರೆ ಯಾರೂ ಸಿಗುತ್ತಿರಲಿಲ್ಲ, ತನ್ನನ್ನೂ ಪೂರ್ತಿ ಬೈದುಕೊಳ್ಳಲು ಆಗುತ್ತಿರಲಿಲ್ಲ. ಇನ್ನೊಂದು ಆಪರೇಷನ್ ಬೇಡವೆಂದು ಹೇಳಿ ಎದ್ದಳು.

ಮುಂದಿನ ತಿಂಗಳು ಆಲೂರಿನಲ್ಲಿ ರವಿಚಂದ್ರನ ತಂಗಿಯ ಮನೆಯ ಗೃಹಪ್ರವೇಶ. ಮೈಸೂರಿನಲ್ಲಿ ಓದುತ್ತಿದ್ದ ಚೈತ್ರಶ್ರೀ ನೇರ ಅಲ್ಲಿಗೇ ಬರುವವಳಿದ್ದಳು. ಬೆಳಿಗ್ಗೆ ರವಿಚಂದ್ರ ಬಿಳಿ ಪಂಚೆ ಉಟ್ಟು ಬಾಗಿಲಲ್ಲಿ ನಿಂತ. ಗಂಗಾಮಣಿ ಸೀರೆ ಉಟ್ಟಿದ್ದಳು, ಹೂವೂ ಮುಡಿದಿದ್ದಳು.

"ಹೊರಡನೇನೇ?"

ಅವಳು ಚಾಪೆಯ ಮೇಲೆ ಕೂರಬೇಕಾದ ನೆಂಟರನ್ನು, ಹೋಮದ ಮುಂದೆ ಒತ್ತಾಗಿ ಕೂತ ಹೆಂಗಸರನ್ನು ನೆನೆದಳು. "ನೀವ್ ಹೋಗ್ಬನ್ನಿ," ಎಂದಳು. "ಜ್ವರ ಅಂತ ಹೇಳಿ."

"ಎಷ್ಟ್ ಸಲ ಜ್ವರ ಅಂತ ಹೇಳ್ಲೇ?"

ಅವಳು ಮುಡಿದ ಹೂವು ತೆಗೆದು ಕಿಟಕಿಯ ಮೇಲಿಟ್ಟಳು. ರವಿಚಂದ್ರ ಚಪ್ಪಲಿ ಮೆಟ್ಟಿ ಗೇಟು ದಾಟಿದ. ಗಂಗಾಮಣಿ ಸೀರೆ ಬಿಚ್ಚಿ ಮಡಿಸಿಟ್ಟಳು. ಹಳೇ ನೈಟಿ ಹಾಕಿಕೊಂಡು, ಮುಂಜಾನೆ ನೆನೆಹಾಕಿದ್ದ ಬಟ್ಟೆಗಳನ್ನು ಬಚ್ಚಲಲ್ಲಿ ಕುಕ್ಕಿ ಒಗೆದಳು. ರಸ್ತೆಗೆ ಕಾಣದಂತೆ ಹಿತ್ತಲಿನ ಕಾಫಿ ಗಿಡಗಳ ನಡುವೆ ಕಟ್ಟಿಕೊಂಡಿದ್ದ ಹಗ್ಗಕ್ಕೆ ಒಂದೊಂದನ್ನೇ ಹಾಕಿ ಒಳಗೆ ಬಂದು ಬಾಗಿಲು ಹಾಕಿಕೊಂಡಳು.